ಬಾಸ್ ಬರೀ ‘ಓಕೆ’ ಅಂದರೆ

“ಸರ್, ಶುಕ್ರವಾರ ರಜೆ ಬೇಕಿತ್ತು. ವರದಿ ಗುರುವಾರವೇ ಕಳಿಸ್ತೀನಿ” ಎಂದು ವಾಟ್ಸ್‌ಆ್ಯಪ್ ಮಾಡಿದಿರಿ. “ಓಕೆ.” ಎಂದಷ್ಟೇ ಉತ್ತರ ಬಂತು. ಸಿಟ್ಟೇ?

ಅವರ ಹಳೆಯ ಉತ್ತರಗಳನ್ನು ನೋಡಿ. ಎಲ್ಲದಕ್ಕೂ ಓಕೆ ಎನ್ನುವವರಾದರೆ ಅದು ಒಪ್ಪಿಗೆ, ಅಷ್ಟೇ. ಸದಾ “ಆಯ್ತು, ಹೋಗ್ಬನ್ನಿ” ಎನ್ನುತ್ತಿದ್ದವರು ಒಂದೇ ಪದಕ್ಕಿಳಿದಿದ್ದರೆ ಗಮನಿಸಬೇಕು. ಆಗಲೂ ಅವರು ಮೀಟಿಂಗ್‌ನಲ್ಲಿದ್ದರೇನೋ.

ಇನ್ನು ಆ ಚುಕ್ಕಿ. ಅಮೆರಿಕದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದ 2015ರ ಅಧ್ಯಯನದಲ್ಲಿ, ಚುಕ್ಕಿಯಿಟ್ಟ ಪುಟ್ಟ ಮೆಸೇಜುಗಳು ಮನಃಪೂರ್ವಕವಲ್ಲ ಎಂದು ಓದಿದವರಿಗೆ ಅನ್ನಿಸಿತ್ತು. ಆದರೆ ಓದಿದವರೆಲ್ಲ ಕಾಲೇಜು ವಿದ್ಯಾರ್ಥಿಗಳು. ಐವತ್ತು ದಾಟಿದ ಮ್ಯಾನೇಜರ್ ಚುಕ್ಕಿಯಿಟ್ಟರೆ ಅದು ಬಹುಶಃ ಶಾಲೆಯ ಮೇಷ್ಟ್ರು ಕಲಿಸಿದ ಶಿಸ್ತು!

ಅನುಮಾನ ಹೋಗದಿದ್ದರೆ “ಬೇಜಾರಾಯ್ತಾ ಸರ್?” ಎನ್ನಬೇಡಿ. “ವರದಿ ನಿಮಗೆ ಕಳಿಸಲೋ, ನೇರ ಕ್ಲೈಂಟ್‌ಗೋ?” ಎಂದು ಕೇಳಿ. ಇದಕ್ಕೆ ಓಕೆ ಎಂದು ಉತ್ತರಿಸಲಾಗದು.