ಗುಹೆಯ ಗೋಡೆಯಲ್ಲಿ ನೀಲಿ ಕುಡುಗೋಲು

ಬಿಡುವಿನಲ್ಲಿ ನಾನೇ ಬರೆಯುತ್ತಿದ್ದ ಕಂಪ್ಯೂಟರ್ ಆಟವದು. ನೆಲದಡಿಯ ಕತ್ತಲ ಗುಹೆಯಲ್ಲಿ ನಿಂತು ಗೋಡೆಗೊಂದು ಏಟು ಹಾಕಿದೆ. ಮಣ್ಣು ಸರಿದು ಗುಂಡಿ ಬಿತ್ತು. ಆದರೆ ಗುಂಡಿಯ ಬಲ ಅಂಚಿನಲ್ಲಿ ಕುಡುಗೋಲಿನಂತೆ ಬಾಗಿದ ನೀಲಿ ಸೀಳೊಂದು ಹೊಳೆಯಿತು. ಅಷ್ಟು ಆಳದಲ್ಲಿ ನೀಲಿ ಎಲ್ಲಿಂದ ಬಂತು? ಹತ್ತಿರ ಹೋಗಿ ನೋಡಿದರೆ ಅದು ಆಕಾಶ! ಗೋಡೆ ಅಲ್ಲಿ ಹರಿದಿತ್ತು, ಅದರ ಹಿಂದೆ ಏನೂ ಇರಲಿಲ್ಲ.

ಅಗೆಯಬಹುದಾದ ನೆಲವನ್ನು ಮಾಡಹೊರಟ ಹೆಚ್ಚಿನವರು ಈ ಸೀಳನ್ನು ಒಮ್ಮೆಯಾದರೂ ಕಂಡಿರುತ್ತಾರೆ. ಅದು ಏಕೆ ಬರುತ್ತದೆಂದು ತಿಳಿಯಬೇಕಾದರೆ, ಇಂಥ ಆಟದಲ್ಲಿ ನೆಲವೆಂಬುದು ನಿಜಕ್ಕೂ ಏನು ಎಂಬಲ್ಲಿಂದ ಶುರುಮಾಡಬೇಕು.

ಮೈನ್‌ಕ್ರಾಫ್ಟ್ ಆಡುವ ಮಕ್ಕಳಿಗೆ ವಾಕ್ಸೆಲ್ ಎಂದರೆ ಇಟ್ಟಿಗೆ. ಇದೆ, ಇಲ್ಲವೇ ಇಲ್ಲ. ನುಣುಪಾದ ಗುಡ್ಡ, ದುಂಡಗಿನ ಗುಹೆ ಬೇಕಾದವರು ಇಟ್ಟಿಗೆಯ ಬದಲು ಸಂಖ್ಯೆಗಳನ್ನು ಇಡುತ್ತಾರೆ. ಇಡೀ ಜಾಗದಲ್ಲಿ ಸಮ ಅಂತರದಲ್ಲಿ ಬಿಂದುಗಳಿವೆ ಎಂದುಕೊಳ್ಳಿ, ರಂಗೋಲಿಯ ಚುಕ್ಕಿಗಳನ್ನು ಎತ್ತರಕ್ಕೂ ಇಟ್ಟ ಹಾಗೆ. ಪ್ರತಿ ಚುಕ್ಕಿಗೂ ಒಂದು ಬೆಲೆ: ಮಣ್ಣಿನೊಳಗಿದ್ದರೆ ಧನ, ಗಾಳಿಯಲ್ಲಿದ್ದರೆ ಋಣ. ಬೆಲೆ ಸೊನ್ನೆಯಾಗುವ ಜಾಗವೇ ನೆಲದ ಮೈ. ಆ ಮೈಯನ್ನು ಯಾರೂ ಎಲ್ಲಿಯೂ ಬರೆದಿಟ್ಟಿರುವುದಿಲ್ಲ. ಚುಕ್ಕಿಗಳ ನಡುವೆ ಅದನ್ನು ಹುಡುಕಿ ತೆಗೆಯಬೇಕು.

ಹುಡುಕುವ ವಿಧಾನಕ್ಕೆ ಮಾರ್ಚಿಂಗ್ ಕ್ಯೂಬ್ಸ್ ಎಂದು ಹೆಸರು. ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ವಿಲಿಯಂ ಲೊರೆನ್ಸನ್ ಮತ್ತು ಹಾರ್ವಿ ಕ್ಲೈನ್ 1987ರಲ್ಲಿ ಇದನ್ನು ಪ್ರಕಟಿಸಿದರು. ಅವರ ಮನಸ್ಸಿನಲ್ಲಿದ್ದದ್ದು ಆಟವಲ್ಲ, ಆಸ್ಪತ್ರೆ. ಸಿ.ಟಿ. ಸ್ಕ್ಯಾನಿನ ಪದರಗಳಿಂದ ಎಲುಬಿನ ಆಕಾರವನ್ನು ಎಬ್ಬಿಸುವುದು ಅವರ ಉದ್ದೇಶವಾಗಿತ್ತು. ಅಕ್ಕಪಕ್ಕದ ಎಂಟು ಚುಕ್ಕಿಗಳು ಸೇರಿ ಒಂದು ಗೂಡಾಗುತ್ತದೆ. ಎಂಟು ಮೂಲೆಗಳಲ್ಲಿ ಯಾವುವು ಮಣ್ಣು, ಯಾವುವು ಗಾಳಿ ಎಂದು ನೋಡಿದರೆ ಒಟ್ಟು 256 ಬಗೆಗಳು ಸಾಧ್ಯ. ಪ್ರತಿ ಬಗೆಗೂ ಯಾವ ಅಂಚುಗಳನ್ನು ಸೇರಿಸಿ ತ್ರಿಕೋನ ಎಳೆಯಬೇಕೆಂದು ಮೊದಲೇ ಒಂದು ಕೋಷ್ಟಕದಲ್ಲಿ ಬರೆದಿಟ್ಟಿರುತ್ತದೆ. ಮಾಮೂಲಿ ಕೋಷ್ಟಕದಲ್ಲಿ ಒಂದು ಗೂಡಿಗೆ ಐದಕ್ಕಿಂತ ಹೆಚ್ಚು ತ್ರಿಕೋನ ಬರುವುದಿಲ್ಲ. ಕಂಪ್ಯೂಟರ್ ಒಂದೊಂದೇ ಗೂಡಿಗೆ ಹೋಗಿ ಕೋಷ್ಟಕ ನೋಡಿ ತ್ರಿಕೋನ ಹಾಕಿ ಮುಂದಕ್ಕೆ ನಡೆಯುತ್ತದೆ.

ತ್ರಿಕೋನದ ತುದಿ ಅಂಚಿನ ಯಾವ ಜಾಗದಲ್ಲಿ ಕೂರಬೇಕು? ಕೆಳಗಿನ ಚುಕ್ಕಿಯ ಬೆಲೆ 1.5, ಮೇಲಿನದು −0.5 ಎನ್ನಿ. ಒಟ್ಟು ಇಳಿತ 2, ಅದರಲ್ಲಿ ಸೊನ್ನೆ ಮುಟ್ಟಲು 1.5 ಇಳಿಯಬೇಕು. ಹಾಗಾಗಿ ತುದಿ ಕೂರುವುದು ಕೆಳಗಿನಿಂದ ಮುಕ್ಕಾಲು ದೂರದಲ್ಲಿ. ನೆಲ ನುಣುಪಾಗಿ ಕಾಣುವುದು ಈ ಸಣ್ಣ ತ್ರೈರಾಶಿ ಲೆಕ್ಕದಿಂದಲೇ.

ಇಡೀ ಲೋಕವನ್ನು ಒಂದೇ ಮೆಶ್ ಮಾಡಿದರೆ ಒಂದು ಗುದ್ದಲಿ ಏಟಿಗೂ ಎಲ್ಲವನ್ನೂ ಮತ್ತೆ ಕಟ್ಟಬೇಕಾಗುತ್ತದೆ. ಅದಕ್ಕೇ ಲೋಕವನ್ನು ಚಂಕ್‌ಗಳಾಗಿ ತುಂಡರಿಸುತ್ತಾರೆ. ನನ್ನದು ಪ್ರತಿ ದಿಕ್ಕಿಗೂ 32 ಗೂಡುಗಳ ಚಂಕ್. ಗೂಡು 32 ಆದರೆ ಮೂಲೆ 33 ಬೇಕು, ಐದು ಬೆರಳಿಗೆ ನಾಲ್ಕೇ ಸಂದಿಯಾದರೆ ನಾಲ್ಕು ಸಂದಿಗೆ ಐದು ಬೆರಳು ಬೇಕಾದಂತೆ. ಆ 33ನೆಯ ಚುಕ್ಕಿ ಯಾರದು?

ಹೊಲದ ಬದುವಿನ ಕಲ್ಲನ್ನು ನೆನೆಯಿರಿ. ಕಲ್ಲು ಒಂದೇ, ಇಬ್ಬರ ಅಳತೆಯೂ ಅಲ್ಲಿಂದಲೇ. ಇಬ್ಬರೂ ತಮ್ಮತಮ್ಮ ಹೊಲದಲ್ಲಿ ಒಂದೊಂದು ಕಲ್ಲು ನೆಟ್ಟುಕೊಂಡರೆ ಜಗಳ ಖಚಿತ. ಚಂಕ್‌ಗಳದ್ದೂ ಇದೇ ನ್ಯಾಯ. ಎಡಗಡೆಯ ಚಂಕ್ ತನ್ನ ಗಡಿಯ ಚುಕ್ಕಿಗೆ ಬೇರೆ ಪ್ರತಿ ಇಟ್ಟುಕೊಂಡರೆ, ಒಂದು ದಿನ ಎರಡು ಪ್ರತಿಗಳ ಬೆಲೆ ಬೇರೆಯಾಗುತ್ತದೆ, ತ್ರಿಕೋನದ ತುದಿಗಳು ಬೇರೆ ಜಾಗಕ್ಕೆ ಹೋಗುತ್ತವೆ, ನಡುವೆ ಆಕಾಶ ಕಾಣುತ್ತದೆ. ಆದ್ದರಿಂದ ಪ್ರತಿ ಚಂಕ್ 0ಯಿಂದ 31ರವರೆಗಿನ ತನ್ನ ಚುಕ್ಕಿಗಳನ್ನು ಮಾತ್ರ ಇಟ್ಟುಕೊಳ್ಳಲಿ, 32ನೆಯದನ್ನು ಮೆಶ್ ಕಟ್ಟುವ ಹೊತ್ತಿಗೆ ಪಕ್ಕದವನಿಂದ ಕೇಳಿ ಪಡೆಯಲಿ. ಸೀಳು ಬಂದಮೇಲೆ ತ್ರಿಕೋನಗಳ ತೇಪೆ ಹಾಕುವವರಿದ್ದಾರೆ, ನಾನೂ ಎರಡು ವಾರ ಹಾಕಿದ್ದೇನೆ. ದಂಡ. ಎರಡು ಕಡೆಯವರೂ ಒಂದೇ ಬೆಲೆಯಿಂದ ಒಂದೇ ಲೆಕ್ಕ ಮಾಡಿದರೆ ಹೊಲಿಯಲು ಸೀಳೇ ಇರುವುದಿಲ್ಲ.

ಬೆಳಕಿನ ವಿಷಯದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕು. ನೆಲ ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದರ ಮೇಲೆ ಅದರ ನೆರಳು ನಿಂತಿದೆ. ಆ ದಿಕ್ಕನ್ನು ತ್ರಿಕೋನಗಳಿಂದ ತೆಗೆದರೆ ಗಡಿಯಲ್ಲಿ ಪ್ರತಿ ಚಂಕಿಗೂ ತನ್ನ ಕಡೆಯ ತ್ರಿಕೋನಗಳಷ್ಟೇ ಗೊತ್ತಿರುತ್ತವೆ. ಮೈ ಸೇರಿದ್ದರೂ ಅಲ್ಲೊಂದು ಗೆರೆ ಕಾಣುತ್ತದೆ. ಚುಕ್ಕಿಗಳ ಬೆಲೆಯಿಂದಲೇ ತೆಗೆಯುವುದು ಸರಿಯಾದ ದಾರಿ: ಎಡ ಬಲ, ಮೇಲೆ ಕೆಳಗೆ, ಹಿಂದೆ ಮುಂದೆ ಇರುವ ಬೆಲೆಗಳ ವ್ಯತ್ಯಾಸ ನೋಡುವುದು. 32ನೆಯ ಚುಕ್ಕಿಗೆ 33 ಬೇಕು, 0ಗೆ −1 ಬೇಕು. ಹೀಗೆ ಒಂದು ಚಂಕ್ ಓದುವುದು −1ರಿಂದ 33ರವರೆಗೆ, ಪ್ರತಿ ದಿಕ್ಕಿಗೂ 35 ಚುಕ್ಕಿ.

ಈಗ ಆ ನೀಲಿ ಕುಡುಗೋಲಿಗೆ ಬರೋಣ. ನನ್ನ ಗುದ್ದಲಿ ಅಗೆಯುವುದು 3 ಅಳತೆ ತ್ರಿಜ್ಯದ ಗೋಳವನ್ನು. ಏಟಿನ ನಡುವಿನಿಂದ ಪ್ರತಿ ಚುಕ್ಕಿ ಎಷ್ಟು ದೂರವಿದೆಯೋ ಅದರಲ್ಲಿ ತ್ರಿಜ್ಯ ಕಳೆದು, ಬಂದದ್ದು ಹಳೆಯ ಬೆಲೆಗಿಂತ ಕಡಿಮೆಯಿದ್ದರೆ ಅದನ್ನೇ ಬರೆಯುವುದು. ಮಣ್ಣು ತುಂಬುವುದಾದರೆ ಇದರ ತಿರುವು.

```
d = min(d, dist - r)
d = max(d, r - dist)
```

ಏಟು ಬಿದ್ದದ್ದು x = 29.5ರಲ್ಲಿ, ಅಂದರೆ 0ನೆಯ ಚಂಕಿನೊಳಗೆ. ಗಡಿ ಇರುವುದು 32ರಲ್ಲಿ, ಎರಡೂವರೆ ಅಳತೆ ಆಚೆ. ಗೋಳ ಮೂರು ಅಳತೆ ಚಾಚುವುದರಿಂದ ಗಡಿಯ ಚುಕ್ಕಿಗಳಲ್ಲಿ ಕೆಲವು ಗಾಳಿಯಾದವು. ನಾನು ಏಟು ಬಿದ್ದ ಚಂಕನ್ನು ಮಾತ್ರ ಮತ್ತೆ ಕಟ್ಟಿದ್ದೆ. ಅದರ ಗೋಡೆ ಗಡಿಯಲ್ಲಿ ಒಳಕ್ಕೆ ಬಾಗಿತು, ಪಕ್ಕದ ಚಂಕಿನ ಗೋಡೆ ಹಳೆಯ ಜಾಗದಲ್ಲೇ ನಿಂತಿತು. ಬಾಗಿದ ಅಂಚಿಗೂ ಬಾಗದ ಅಂಚಿಗೂ ನಡುವಿನ ಆಕಾರವೇ ಆ ಕುಡುಗೋಲು.

ಹಾಗಾದರೆ ಯಾವ ಯಾವ ಚಂಕ್‌ಗಳನ್ನು ಮತ್ತೆ ಕಟ್ಟಬೇಕು? ಗೋಳ ಮುಟ್ಟಿದವನ್ನು ಎಂದರೆ ಸಾಲದು. ನಾನು ಬೆಲೆಗಳನ್ನು −2 ಮತ್ತು 2ರ ನಡುವೆಯೇ ಇಡುತ್ತೇನೆ, ಒಂದು ಚುಕ್ಕಿಗೆ ಒಂದೇ ಬೈಟ್ ಸಾಕಾಗುತ್ತದೆ. ಗಟ್ಟಿ ಮಣ್ಣಿನ ಚುಕ್ಕಿಯೊಂದು 4 ಅಳತೆ ದೂರದಲ್ಲಿದೆ ಎನ್ನಿ. ಅದು ಗೋಳದ ಹೊರಗಿದೆ, ಆದರೂ ಅದರ ಬೆಲೆ 2ರಿಂದ 1ಕ್ಕೆ ಇಳಿಯುತ್ತದೆ. ಬದಲಾವಣೆ ಹರಡುವುದು 3ಕ್ಕೆ 2 ಸೇರಿಸಿ 5 ಅಳತೆಯವರೆಗೆ. ಹಾಗಾಗಿ ಬದಲಾಗಬಹುದಾದ ಚುಕ್ಕಿಗಳು 25ರಿಂದ 34. ಇವುಗಳಲ್ಲಿ ಒಂದನ್ನಾದರೂ ತನ್ನ −1ರಿಂದ 33ರೊಳಗೆ ಓದುವ ಚಂಕ್ ಯಾವುದಿದ್ದರೂ ಅದು ಹಳತಾಯಿತು:

```
lo = floor((minX - 2) / 32)
hi = floor((maxX + 1) / 32)
```

25 ಮತ್ತು 34 ಹಾಕಿದರೆ 0 ಮತ್ತು 1 ಬರುತ್ತದೆ. ನನ್ನ ಏಟು ಉಳಿದೆರಡು ದಿಕ್ಕಿನಲ್ಲೂ ಗಡಿಯ ಪಕ್ಕದಲ್ಲೇ ಬಿದ್ದಿತ್ತು. ಅಲ್ಲಿಯೂ ಎರಡೆರಡು, ಒಟ್ಟು ಎಂಟು ಚಂಕ್. ಬದಲಾದ ಚುಕ್ಕಿಗಳು ಹೆಚ್ಚೆಂದರೆ ಐನೂರರ ಆಸುಪಾಸು, ಅದಕ್ಕಾಗಿ ತಿರುಗಿ ನೋಡಬೇಕಾದ ಗೂಡುಗಳು 2,62,144. ದುಬಾರಿ ಎನಿಸಿದರೂ ಮುಕ್ಕಾಲುಪಾಲು ಗೂಡುಗಳು ಪೂರ್ತಿ ಮಣ್ಣೋ ಪೂರ್ತಿ ಗಾಳಿಯೋ ಆಗಿದ್ದು, ಮೂಲೆ ನೋಡಿದೊಡನೆ ಬಿಟ್ಟು ಮುಂದೆ ಹೋಗಬಹುದು.

ಆ `floor` ಅನ್ನು ಹಗುರವಾಗಿ ಕಾಣಬೇಡಿ. ಸಿ ಭಾಷೆಯಲ್ಲಿ −1ನ್ನು 32ರಿಂದ ಪೂರ್ಣಾಂಕವಾಗಿ ಭಾಗಿಸಿದರೆ ಬರುವುದು 0; ನಮಗೆ ಬೇಕಾದದ್ದು −1. ಪೂರ್ವಕ್ಕೆ ಅಗೆದಾಗ ಎಲ್ಲ ಸರಿ, ಲೋಕದ ನಡುಗೆರೆ ದಾಟಿ ಪಶ್ಚಿಮಕ್ಕೆ ಹೋದಾಗ ಮಾತ್ರ ಸೀಳು ಎಂದರೆ ಮೊದಲು ಇಲ್ಲಿ ಹುಡುಕಿ.

ಎಂಟೂ ಚಂಕ್‌ಗಳನ್ನು ಸರಿಯಾಗಿ ಗುರುತಿಸಿದ ಮೇಲೂ ನನಗೆ ಸೀಳು ಕಂಡಿತು, ಈ ಸಲ ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ. ಸೆಕೆಂಡಿಗೆ 60 ಚಿತ್ರ ಬರಬೇಕಾದರೆ ಒಂದು ಚಿತ್ರಕ್ಕೆ ಸಿಗುವುದು 16 ಮಿಲಿಸೆಕೆಂಡಿನಷ್ಟು ಸಮಯ, ಆದ್ದರಿಂದ ಮೆಶ್ ಕಟ್ಟುವ ಕೆಲಸ ತೆರೆಮರೆಯ ಥ್ರೆಡ್‌ಗಳಲ್ಲಿ ನಡೆಯುತ್ತದೆ. ಒಂದು ಚಂಕ್ ಮೊದಲು ಮುಗಿದು ಪರದೆಗೆ ಬಂದರೆ, ಉಳಿದವು ಬರುವವರೆಗೆ ಹಳತು ಹೊಸತು ಪಕ್ಕಪಕ್ಕ ನಿಲ್ಲುತ್ತವೆ. ಒಂದೇ ಏಟಿನ ಚಂಕ್‌ಗಳೆಲ್ಲ ಮುಗಿಯುವವರೆಗೆ ಹಳೆಯವನ್ನೇ ತೋರಿಸಿ, ಆಮೇಲೆ ಒಟ್ಟಿಗೆ ಬದಲಿಸಬೇಕು. ಅಷ್ಟರಲ್ಲಿ ಇನ್ನೊಂದು ಏಟು ಬಿದ್ದರೆ? ಪ್ರತಿ ಚಂಕಿಗೂ ಒಂದು ಆವೃತ್ತಿ ಸಂಖ್ಯೆ ಇಟ್ಟು, ತಡವಾಗಿ ಬಂದ ಹಳೆಯ ಮೆಶ್ಶನ್ನು ಎಸೆಯಬೇಕು. ಆಟಗಾರನ ಕಾಲು ನಿಲ್ಲುವ ಡಿಕ್ಕಿಯ ಮೆಶ್ ಕೂಡ ಜೊತೆಗೇ ಬದಲಾಗಬೇಕು. ಇಲ್ಲವಾದರೆ ಕಣ್ಣಿಗೆ ಗುಂಡಿ ಕಾಣುತ್ತದೆ, ಕಾಲು ಗಾಳಿಯ ಮೇಲೆ ನಿಂತಿರುತ್ತದೆ.

ಸೀಳುಗಳನ್ನು ನೋಡಿ ನೋಡಿ ಈಗ ಅವುಗಳ ಜಾತಿ ಗುರುತಾಗುತ್ತದೆ. ಆಕಾಶಕ್ಕೆ ಕಣ್ಣು ಚುಚ್ಚುವ ಗುಲಾಬಿ ಬಣ್ಣ ಬಳಿದು ಗುಹೆಯಲ್ಲಿ ಓಡಾಡಿದರೆ ಆಯಿತು. ಗಡಿಯಲ್ಲಿ ಗೆರೆ ಕಂಡು ಗುಲಾಬಿ ಕಾಣದಿದ್ದರೆ ತಪ್ಪು ಬೆಳಕಿನದು. ದೀಪ ಸರಿಸಿದಾಗ ಗೆರೆಯೂ ಗಾಢವೋ ತೆಳುವೋ ಆಗುತ್ತದೆ. ಮಿಣುಕು ಹುಳದಂತೆ ಒಂದೊಂದು ಗುಲಾಬಿ ಚುಕ್ಕೆ ಹೊಳೆದು ಹೋದರೆ, ಒಂದೇ ಅಂಚನ್ನು ಒಂದು ಗೂಡು ಎಡದಿಂದ, ಇನ್ನೊಂದು ಬಲದಿಂದ ಲೆಕ್ಕ ಹಾಕಿರಬಹುದು. ದಶಮಾಂಶದ ಕೊನೆಯಲ್ಲಿ ಕೂದಲೆಳೆಯ ವ್ಯತ್ಯಾಸ. ಯಾವಾಗಲೂ ಚಿಕ್ಕ ಸ್ಥಾನದ ಮೂಲೆಯಿಂದಲೇ ಲೆಕ್ಕ ಶುರುಮಾಡಿದರೆ ಅದು ಹೋಗುತ್ತದೆ. ಗಡಿಯಿಂದ ದೂರ, ಚಂಕಿನ ನಟ್ಟನಡುವೆ ತೂತಿದ್ದರೆ ಗಡಿಯನ್ನು ಬೈಯಬೇಡಿ, ಕೋಷ್ಟಕ ನೋಡಿ. ಗೂಡಿನ ಒಂದು ಮುಖದಲ್ಲಿ ಎದುರುಬದುರು ಮೂಲೆಗಳು ಮಣ್ಣು, ಉಳಿದೆರಡು ಗಾಳಿಯಾದಾಗ ಗೆರೆಯನ್ನು ಎರಡು ರೀತಿ ಎಳೆಯಬಹುದು. 1987ರ ಮೂಲ ಲೇಖನ ಸಮರೂಪಗಳನ್ನು ಒಟ್ಟುಗೂಡಿಸಿ 15 ಬಗೆಗೆ ಇಳಿಸಿತ್ತು. ಮಣ್ಣು ಗಾಳಿ ಅದಲುಬದಲಾದವನ್ನೂ ಒಂದೇ ಎಂದು ಎಣಿಸಿದ್ದರಿಂದ ಅಕ್ಕಪಕ್ಕದ ಗೂಡುಗಳು ಒಂದೇ ಮುಖದ ಮೇಲೆ ಬೇರೆ ಬೇರೆ ತೀರ್ಮಾನಕ್ಕೆ ಬರಬಹುದಾಗಿತ್ತು. ಅಂಥ ಮುಖಗಳಲ್ಲಿ ಸದಾ ಒಂದೇ ನಿಯಮ ಪಾಲಿಸುವ 256 ಸಾಲಿನ ಕೋಷ್ಟಕ ಬಳಸಿದರೆ ಈ ತೊಂದರೆಯಿಲ್ಲ.

ದೂರದ ಬೆಟ್ಟಗಳನ್ನು ಒರಟಾದ ಗೂಡುಗಳಲ್ಲಿ ತೋರಿಸುವುದು ಬೇರೆಯೇ ಕಥೆ. ಅಲ್ಲಿ ಗಡಿಯ ಒಂದು ಕಡೆ ಎರಡು ಪಟ್ಟು ಚುಕ್ಕಿ ಇರುವುದರಿಂದ ಇಷ್ಟು ಹೊತ್ತು ಹೇಳಿದ ಬದುವಿನ ನ್ಯಾಯ ನಡೆಯದು. ಎರಿಕ್ ಲೆಂಗೆಲ್ 2010ರಲ್ಲಿ ಕೊಟ್ಟ ಟ್ರಾನ್ಸ್‌ವಾಕ್ಸೆಲ್ ವಿಧಾನ ಆ ಗಡಿಗೆಂದೇ ಬೇರೆ ಬಗೆಯ ಗೂಡುಗಳನ್ನು ಸೇರಿಸುತ್ತದೆ.

ಅಗೆದದ್ದನ್ನು ಉಳಿಸುವುದು ಅಷ್ಟು ಕಷ್ಟವಲ್ಲ. ಯಾರೂ ಮುಟ್ಟದ ಚಂಕನ್ನು ಮೂಲ ಸೂತ್ರದಿಂದ ಯಾವಾಗ ಬೇಕಾದರೂ ಮತ್ತೆ ಹುಟ್ಟಿಸಬಹುದು. ಗುದ್ದಲಿ ಮುಟ್ಟಿದವನ್ನು ಮಾತ್ರ ಕಡತಕ್ಕೆ ಬರೆದರೆ ಸಾಕು, ಚಂಕಿಗೆ 32 ಕಿಲೋಬೈಟ್.

ಇಷ್ಟೆಲ್ಲ ಆದಮೇಲೂ ನನ್ನ ಗುಹೆಯಲ್ಲಿ ಒಂದು ತಮಾಷೆ ಉಳಿದಿದೆ. ಪಕ್ಕಪಕ್ಕ ಎರಡು ಸುರಂಗ ಕೊರೆಯುತ್ತಾ ನಡುಗೋಡೆಯನ್ನು ತೆಳುವಾಗಿಸುತ್ತಾ ಬಂದರೆ, ಮುಕ್ಕಾಲು ಅಳತೆಯಷ್ಟು ಮಣ್ಣು ಇನ್ನೂ ಉಳಿದಿರಬೇಕಾದಾಗಲೇ ಗೋಡೆ ಇದ್ದಕ್ಕಿದ್ದಂತೆ ಮಾಯವಾಗುತ್ತದೆ. ಆ ಮಣ್ಣು ಎರಡು ಚುಕ್ಕಿಗಳ ನಡುವೆ ಸಿಕ್ಕಿಕೊಂಡಿರುತ್ತದೆ. ಅತ್ತ ಚುಕ್ಕಿಯೂ ಗಾಳಿ, ಇತ್ತ ಚುಕ್ಕಿಯೂ ಗಾಳಿ. ಕೋಷ್ಟಕದ ಪಾಲಿಗೆ ಅಲ್ಲಿ ಗೋಡೆಯೇ ಇಲ್ಲ. ಚುಕ್ಕಿಗಳನ್ನು ಅರ್ಧ ಅಂತರಕ್ಕೆ ತಂದರೆ ಇನ್ನೂ ತೆಳುವಾದ ಗೋಡೆ ನಿಲ್ಲುತ್ತದೆ, ನೆನಪಿನ ಖರ್ಚು ಎಂಟು ಪಟ್ಟಾಗುತ್ತದೆ. ನಾನು ಗೋಡೆಯನ್ನು ಮಾಯವಾಗಲು ಬಿಟ್ಟಿದ್ದೇನೆ, ಏಟು ಬಿದ್ದಾಗ ಒಂದಿಷ್ಟು ಧೂಳು ಏಳುವಂತೆ ಮಾಡಿ.