ತಪ್ಪು ಸಂಖ್ಯೆಯ ಎರಡು ಗುರುತು

ಧಾರವಾಡದ ಸಪ್ತಾಪುರದಲ್ಲಿ ಓಡಾಡಿದರೆ ಬ್ಯಾಂಕ್, ರೈಲ್ವೆ, ಕೆಎಎಸ್ ಎಂಬ ಫಲಕಗಳು ಒಂದರ ಮೇಲೊಂದು ಕಾಣುತ್ತವೆ. ಅಲ್ಲಿನ ಕೋಚಿಂಗ್ ತರಗತಿಯೊಂದರಲ್ಲಿ ಗಣಿತದ ಮೇಷ್ಟ್ರೊಬ್ಬರು ಹಂಚುವ ಒಂದು ಹಾಳೆಯ ಝೆರಾಕ್ಸ್ ನನ್ನ ಕೈಗೂ ಸಿಕ್ಕಿತು. ಸಂಖ್ಯಾ ಸರಣಿಯಲ್ಲಿ ಹೊಂದದ ಸಂಖ್ಯೆಯನ್ನು ಬೇಗ ಹಿಡಿಯಲು ಐದು ರೂಢಿಗಳು ಅದರಲ್ಲಿವೆ. ಬ್ಯಾಂಕಿನವರು ಇದನ್ನು ಗಣಿತದಲ್ಲಿ ಕೇಳುತ್ತಾರೆ, ರೈಲ್ವೆಯವರು ರೀಸನಿಂಗ್‌ನಲ್ಲಿ.

ಬೇಗ ಎಂದರೆ ಎಷ್ಟು ಬೇಗ? ಐಬಿಪಿಎಸ್ ಪಿಒ ಪೂರ್ವಭಾವಿ ಪರೀಕ್ಷೆಯಲ್ಲಿ ಗಣಿತದ 35 ಪ್ರಶ್ನೆಗಳಿಗೆ 20 ನಿಮಿಷ, ಅಂದರೆ ಒಂದಕ್ಕೆ ಸುಮಾರು 34 ಸೆಕೆಂಡ್. ರೈಲ್ವೆ ಎನ್‌ಟಿಪಿಸಿಯ ಮೊದಲ ಹಂತದಲ್ಲಿ 100 ಪ್ರಶ್ನೆಗೆ 90 ನಿಮಿಷ. ಅಲ್ಲಿ ಕೈ ಸ್ವಲ್ಪ ಸಡಿಲ.

ಮೊದಲ ರೂಢಿ ಪೆನ್ನು ಮುಟ್ಟುವ ಮುಂಚಿನದು. ಸರಣಿ ನಿಧಾನವಾಗಿ ಏರುತ್ತಿದೆಯೋ, ಪ್ರತಿ ಹೆಜ್ಜೆಗೂ ಹೆಚ್ಚುಕಡಿಮೆ ಇಮ್ಮಡಿ ಮುಮ್ಮಡಿ ಆಗುತ್ತಿದೆಯೋ, ಏರಿ ಇಳಿಯುತ್ತಿದೆಯೋ ನೋಡಬೇಕು. ನಿಧಾನದ್ದಕ್ಕೆ ಕಳೆಯುವುದು, ಜಿಗಿಯುವುದಕ್ಕೆ ಗುಣಾಕಾರ, ಏರಿಳಿಯುವುದರಲ್ಲಿ ಎರಡು ಸರಣಿ ಹೆಣೆದುಕೊಂಡಿವೆಯೇ ಎಂಬ ಅನುಮಾನ.

ಹಾಳೆಯ ಜೀವಾಳ ಇರುವುದು ಎರಡನೆಯದರಲ್ಲಿ. “ಸಂಖ್ಯೆ ನೋಡಬ್ಯಾಡ್ರಿ, ನಡುವಿನ ಅಂತರ ನೋಡ್ರಿ” ಎಂದು ಮೇಷ್ಟ್ರು ಬೋರ್ಡಿನ ಮೇಲೆ ಬರೆಯುವ ಸರಣಿ ಇದು:

4, 10, 18, 28, 43, 54, 70

ಅಕ್ಕಪಕ್ಕದವನ್ನು ಕಳೆದರೆ 6, 8, 10, 15, 11, 16. ಸಮಸಂಖ್ಯೆಗಳ ಸಾಲಿನಲ್ಲಿ 15 ಮತ್ತು 11 ಒಟ್ಟಿಗೇ ಕೆಟ್ಟಿವೆ. ಕೆಡಲೇಬೇಕು, ಏಕೆಂದರೆ ನಡುವಿನ ಪ್ರತಿ ಸಂಖ್ಯೆಯೂ ತನ್ನ ಎಡದ ಅಂತರಕ್ಕೂ ಬಲದ ಅಂತರಕ್ಕೂ ಸೇರಿರುತ್ತದೆ. ಅದು ಎಷ್ಟು ಹೆಚ್ಚಾಗಿದೆಯೋ ಎಡದ ಅಂತರ ಅಷ್ಟು ಹಿಗ್ಗುತ್ತದೆ, ಬಲದ್ದು ಅಷ್ಟೇ ಕುಗ್ಗುತ್ತದೆ. ಇಲ್ಲಿ 12 ಇರಬೇಕಾದಲ್ಲಿ 15 ಇದೆ, 14 ಇರಬೇಕಾದಲ್ಲಿ 11. ಎರಡೂ ಕಡೆ ವ್ಯತ್ಯಾಸ ಮೂರೇ. ಕೆಟ್ಟ ಎರಡು ಅಂತರಗಳ ನಡುವೆ ಕೂತಿರುವ 43 ತಪ್ಪು, ಇರಬೇಕಾದದ್ದು 40. ಕೆಟ್ಟ ಅಂತರಗಳ ಮೊತ್ತ ಮಾತ್ರ ಕೆಡುವುದಿಲ್ಲ: 15 ಮತ್ತು 11 ಕೂಡಿದರೂ 26, 12 ಮತ್ತು 14 ಕೂಡಿದರೂ 26. ಅನುಮಾನ ಬಂದಾಗ ಈ ಮೊತ್ತವೇ ಸಾಕ್ಷಿ.

ಮೂರನೆಯದು ಸರಣಿಯ ತುದಿಗಳಿಗೆ ಸಂಬಂಧಿಸಿದ್ದು. ಒಳ್ಳೆಯ ಲೆಕ್ಕದ ಹುಡುಗರೂ ಮುಗ್ಗರಿಸುವುದು ಇಲ್ಲೇ. 4, 7, 15, 31, 63, 127 ನೋಡಿ. ಇಮ್ಮಡಿ ಮಾಡಿ ಒಂದು ಕೂಡಿಸುವುದು ನಿಯಮ ಎಂದು ಹೊಳೆಯುತ್ತದೆ. ಎಡದಿಂದ ಹೊರಟರೆ 4ರ ಇಮ್ಮಡಿ 8, ಒಂದು ಕೂಡಿಸಿದರೆ 9, ಆದರೆ ಅಲ್ಲಿರುವುದು 7. ತಕ್ಷಣ 7ರ ಮೇಲೆ ಕ್ಲಿಕ್ ಮಾಡುತ್ತಾರೆ. ಪಾಪ, 7ರದ್ದು ಏನೂ ತಪ್ಪಿಲ್ಲ. ಅದರಿಂದ 15, 15ರಿಂದ 31, ಮುಂದೆಲ್ಲ ಸರಿಯಾಗಿಯೇ ಬರುತ್ತದೆ. ಮೊದಲ ಸಂಖ್ಯೆಗೆ ಎಡಗಡೆ ನೆಂಟರಿಲ್ಲ, ಆದ್ದರಿಂದ ಅದು ತಪ್ಪಾದರೆ ಒಂದೇ ಕೊಂಡಿ ಕೆಡುತ್ತದೆ. ಕೊನೆಯ ಸಂಖ್ಯೆಯದೂ ಇದೇ ಕಥೆ. ಒಂದೇ ಕೊಂಡಿ ಕೆಟ್ಟಿದ್ದರೆ ತುದಿಯನ್ನು ಹಿಡಿಯಿರಿ, ನಿಯಮ ಗಟ್ಟಿಯಾಗಿರುವ ನಡುಭಾಗದಿಂದ ಹಿಂದಕ್ಕೆ ಬನ್ನಿ ಎನ್ನುತ್ತದೆ ಹಾಳೆ. 7ರಿಂದ ಒಂದು ಕಳೆದು ಅರ್ಧ ಮಾಡಿದರೆ 3. ಹಾಗಾಗಿ ತಪ್ಪು 4.

ನಾಲ್ಕನೆಯದು ಚಿಕ್ಕದು: ಸಿಕ್ಕ ಸರಿ ಸಂಖ್ಯೆಯನ್ನು ಜಾಗದಲ್ಲಿಟ್ಟು ಎರಡೂ ಪಕ್ಕ ಒಮ್ಮೆ ನೋಡುವುದು, ಪ್ರಶ್ನೆಯನ್ನು ಮತ್ತೊಮ್ಮೆ ಓದುವುದು. ಕೇಳಿದ್ದು ತಪ್ಪು ಸಂಖ್ಯೆಯೋ, ಅದರ ಬದಲಿಗೆ ಬರಬೇಕಾದದ್ದೋ? 43 ಎಂದು ಕಂಡುಹಿಡಿದು 40ಕ್ಕೆ ಗುರುತು ಹಾಕಿ ಬರುವವರಿಗೆ ಕೊರತೆಯಿಲ್ಲ.

ಈ ವಿಧಾನಕ್ಕೆ ಮಿತಿಯೂ ಉಂಟು. 2, 5, 4, 10, 6, 15, 8 ಎಂಬಲ್ಲಿ ಅಂತರ ತೆಗೆದರೆ ಎಲ್ಲವೂ ಅಡ್ಡಾದಿಡ್ಡಿ. ಆದರೆ ಇಲ್ಲಿ ತಪ್ಪೇ ಇಲ್ಲ. 2, 4, 6, 8 ಒಂದು ಸಾಲು, 5, 10, 15 ಇನ್ನೊಂದು. ಎಲ್ಲ ಅಂತರಗಳೂ ಕೆಟ್ಟಂತೆ ಕಂಡರೆ ಕೆಟ್ಟಿರುವುದು ಸಂಖ್ಯೆಯಲ್ಲ, ನಾವು ಹಿಡಿದ ದಾರಿ. ಹಾಳೆಯಲ್ಲಿ ಇದಕ್ಕೆ ಒಂದೇ ಸಾಲು ಮೀಸಲು. ಇನ್ನೊಂದಿಷ್ಟು ಜಾಗ ಕೊಡಬೇಕಿತ್ತು.

ಐದನೆಯ ರೂಢಿ ಬಿಡುವುದು. ಅರ್ಧ ನಿಮಿಷದಲ್ಲಿ ನಿಯಮ ಹೊಳೆಯದಿದ್ದರೆ ಮುಂದಕ್ಕೆ ಹೋಗಿ ಎನ್ನುತ್ತಾರೆ ಮೇಷ್ಟ್ರು. “ಹಂಗಾರ ಅಂದಾಜಿನ ಮ್ಯಾಲೆ ಹೊಡದು ಬಿಡ್ಲೇನ್ರಿ ಸರ್?” ಎಂಬ ಪ್ರಶ್ನೆ ಪ್ರತಿ ಬ್ಯಾಚಿನಲ್ಲೂ ಏಳುತ್ತದಂತೆ. ಲೆಕ್ಕ ಸರಳ. ಪಿಒ ಪರೀಕ್ಷೆಯಲ್ಲಿ ಐದು ಆಯ್ಕೆ, ತಪ್ಪಿಗೆ ಆ ಪ್ರಶ್ನೆಯ ಅಂಕದ ಕಾಲು ಭಾಗ ಕಡಿತ. ಕಣ್ಣುಮುಚ್ಚಿ ಐದು ಪ್ರಶ್ನೆಗೆ ಉತ್ತರಿಸಿದರೆ ಸರಾಸರಿ ಒಂದು ಸರಿ, ನಾಲ್ಕು ತಪ್ಪು. ಸರಿ ಉತ್ತರಕ್ಕೆ ಬಂದ ಅಂಕ ಅಲ್ಲಿಗೇ ಹೋಯಿತು. ರೈಲ್ವೆಯಲ್ಲಿ ನಾಲ್ಕು ಆಯ್ಕೆ, ಮೂರನೇ ಒಂದು ಅಂಕ ಕಡಿತ, ಫಲ ಅಲ್ಲಿಯೂ ಸೊನ್ನೆ. ಆದರೆ ಸರಣಿಯ ಒಂದು ಭಾಗದಲ್ಲಾದರೂ ನಿಯಮ ಸರಿಯಾಗಿ ನಡೆದಿದ್ದು ಕಂಡರೆ ಅಲ್ಲಿನ ಸಂಖ್ಯೆಗಳನ್ನು ಆಯ್ಕೆಯಿಂದ ಹೊಡೆದುಹಾಕಬಹುದು. ಎರಡು ಹೋಗಿ ಮೂರು ಉಳಿದರೆ, ಪಿಒ ಲೆಕ್ಕದಲ್ಲಿ ಅಂಥ ಮೂರು ಪ್ರಶ್ನೆಗೆ ಸರಾಸರಿ ಒಂದು ಪ್ರಶ್ನೆಯ ಅಂಕದ ಅರ್ಧದಷ್ಟು ಗಿಟ್ಟುತ್ತದೆ.