ವಿಭಾಗ ಬದಲಾವಣೆಯ ಮನವಿ ಪತ್ರ

ಒಂದೇ ಕಂಪನಿಯೊಳಗೆ ಬೇರೆ ವಿಭಾಗಕ್ಕೆ ಹೋಗಲು ನೌಕರರು ಬರೆಯುವ ಮನವಿ ಸಾಮಾನ್ಯವಾಗಿ ಮೂವರ ಕೈ ದಾಟುತ್ತದೆ. ಈಗಿನ ಮೇಲಧಿಕಾರಿಗೆ ಈ ಕೆಲಸಗಾರ ಹೋದರೆ ಆ ಜಾಗದಲ್ಲಿ ಯಾರು ಎಂಬ ಚಿಂತೆ. ಹೊಸ ವಿಭಾಗದ ಮುಖ್ಯಸ್ಥರಿಗೆ ಬರುವವರಿಗೆ ಕೆಲಸ ಗೊತ್ತಿದೆಯೇ ಎಂಬ ಪ್ರಶ್ನೆ. ಎಚ್‌ಆರ್‌ನವರು ನೋಡುವುದು ನಿಯಮವನ್ನು. ಕಾರಣ, ಕೌಶಲ, ಸಮಯ ಈ ಮೂರನ್ನೂ ಹೇಳದ ಪತ್ರ ಇವರಲ್ಲಿ ಒಬ್ಬರ ಮೇಜಿನ ಮೇಲಾದರೂ ನಿಂತುಬಿಡುತ್ತದೆ.

ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆ ಇದೆ ಎಂದಿಟ್ಟುಕೊಳ್ಳೋಣ. ಅಲ್ಲಿನ ಕ್ವಾಲಿಟಿ ವಿಭಾಗದಲ್ಲಿ 4 ವರ್ಷದಿಂದ ಇರುವ ಇನ್‌ಸ್ಪೆಕ್ಟರ್ ಒಬ್ಬರು ಪರ್ಚೇಸ್ ವಿಭಾಗಕ್ಕೆ ಹೋಗಬಯಸುತ್ತಾರೆ. "ಇಲ್ಲಿ ಬೆಳವಣಿಗೆ ಇಲ್ಲ" ಎಂದು ಅವರು ಬರೆದರೆ ಅದು ಈಗಿನ ವಿಭಾಗದ ಮೇಲಿನ ದೂರಾಗುತ್ತದೆ. ಹೊಸ ಮುಖ್ಯಸ್ಥರಿಗೂ ಅದರಿಂದ ಏನೂ ತಿಳಿಯುವುದಿಲ್ಲ. ನಿಜವಾದ ಕಾರಣ ಅವರ ದಿನದ ಕೆಲಸದಲ್ಲೇ ಇದೆ. ಬೆಳಗಾವಿಯ ಫೌಂಡ್ರಿಯಿಂದ ಬರುವ ಎರಕದ ಭಾಗಗಳಲ್ಲಿ ಗಾಳಿಗುಳ್ಳೆಗಳು ಕಂಡುಬಂದು, ಅವರು ತಿಂಗಳು ತಿಂಗಳೂ ಮಾಲನ್ನು ರಿಜೆಕ್ಟ್ ಮಾಡುತ್ತಿದ್ದಾರೆ. ದೋಷ ಹುಟ್ಟುವುದು ಫೌಂಡ್ರಿಯಲ್ಲಿ. ಅಲ್ಲಿಗೆ ಹೋಗಿ ಪೂರೈಕೆದಾರರ ಜೊತೆ ಕೂತು ಅದನ್ನು ನಿಲ್ಲಿಸುವ ಕೆಲಸ ಈ ಕಾರ್ಖಾನೆಯಲ್ಲಿ ಪರ್ಚೇಸ್‌ನವರದು. ತಪಾಸಣೆಯ ಮೇಜಿನಲ್ಲಿ ಕಂಡ ದೋಷವನ್ನು ಅದರ ಮೂಲದಲ್ಲೇ ಸರಿಪಡಿಸಬೇಕೆಂಬ ಆಸೆಯನ್ನು ಹಾಗೆಯೇ ಬರೆದರೆ ಕಾರಣ ತಾನಾಗಿ ಗಟ್ಟಿಯಾಗುತ್ತದೆ.

ಕಾರಣ ಆರೋಗ್ಯದ್ದೋ ಮನೆಯದ್ದೋ ಆಗಿದ್ದರೆ ಅದನ್ನು ಬೇರೆ ಮಾತಿನಲ್ಲಿ ಮುಚ್ಚಬಾರದು. ರಾತ್ರಿ ಪಾಳಿ ದೇಹಕ್ಕೆ ಆಗುತ್ತಿಲ್ಲ ಎಂದಾದರೆ ಅದನ್ನೇ ಹೇಳಿ ವೈದ್ಯರ ಪ್ರಮಾಣಪತ್ರ ಲಗತ್ತಿಸುವುದು ಸರಿ. ಕಿರುಕುಳದಿಂದ ತಪ್ಪಿಸಿಕೊಳ್ಳಲು ವರ್ಗಾವಣೆ ಕೇಳುವ ಸ್ಥಿತಿ ಬಂದಿದ್ದರೆ ದಾರಿ ಬೇರೆ. ಲೈಂಗಿಕ ಕಿರುಕುಳದ ದೂರಿನ ವಿಚಾರಣೆ ನಡೆಯುವಾಗ, ಮಹಿಳೆ ಲಿಖಿತವಾಗಿ ಕೋರಿದರೆ, ಆಕೆಯನ್ನಾಗಲಿ ಆರೋಪಿಯನ್ನಾಗಲಿ ಬೇರೆಡೆಗೆ ವರ್ಗಾಯಿಸುವಂತೆ ಆಂತರಿಕ ಸಮಿತಿ ಶಿಫಾರಸು ಮಾಡಬಹುದು. 2013ರ ಕಾಯ್ದೆಯೇ ಇದಕ್ಕೆ ಅವಕಾಶ ಕೊಟ್ಟಿದೆ.

ಕೌಶಲದ ವಿಷಯದಲ್ಲಿ "ಪರಿಶ್ರಮಿ, ಬೇಗ ಕಲಿಯುವವನು" ಎಂಬ ಮಾತುಗಳಿಗೆ ತೂಕವಿಲ್ಲ. ಡ್ರಾಯಿಂಗ್ ಓದಬಲ್ಲರು, ಯಾವ ಪೂರೈಕೆದಾರರ ಮಾಲು ಯಾವ ಕಾರಣಕ್ಕೆ ವಾಪಸಾಗಿದೆ ಎಂಬ ದಾಖಲೆಯನ್ನು ತಾವೇ ಇಟ್ಟಿದ್ದಾರೆ, ಫೌಂಡ್ರಿಯವರೊಂದಿಗೆ ಫೋನಿನಲ್ಲಿ ಮಾತಾಡಿ ಅಭ್ಯಾಸವಿದೆ. ಹೊಸ ಕುರ್ಚಿಗೆ ನೇರವಾಗಿ ಒದಗುವುದು ಇಂಥ ಸಂಗತಿಗಳೇ. ಗೊತ್ತಿಲ್ಲದ್ದನ್ನೂ ಬರೆಯಬೇಕು. ದರದ ಚೌಕಾಸಿ, ಪರ್ಚೇಸ್ ಆರ್ಡರ್, ಜಿಎಸ್‌ಟಿ ಬಿಲ್ಲಿನ ಲೆಕ್ಕ ಈ ಇನ್‌ಸ್ಪೆಕ್ಟರಿಗೆ ಹೊಸದು. ಅದನ್ನು ಒಪ್ಪಿಕೊಂಡು ಹೇಗೆ ಕಲಿಯುತ್ತಾರೆಂದು ಒಂದು ಸಾಲಿನಲ್ಲಿ ಹೇಳಿದರೆ ಸಂದರ್ಶನದಲ್ಲಿ ಅದೇ ಪ್ರಶ್ನೆಗೆ ತಡವರಿಸುವ ಪ್ರಸಂಗ ಬರುವುದಿಲ್ಲ.

ಹೆಚ್ಚಿನ ಮನವಿಗಳು ಮುಗ್ಗರಿಸುವುದು ಸಮಯದಲ್ಲಿ. ಈಗಿನ ಹುದ್ದೆಯಲ್ಲಿ 12 ಅಥವಾ 18 ತಿಂಗಳು ಕಳೆದಿರಬೇಕು, ಶಿಸ್ತು ಕ್ರಮ ಬಾಕಿ ಇರಬಾರದು ಎಂಬ ನಿಯಮ ಅನೇಕ ಕಂಪನಿಗಳಲ್ಲಿದೆ. ಅದನ್ನು ಮೊದಲೇ ಓದಿಕೊಳ್ಳಬೇಕು. ಮಾರ್ಚ್ ಕೊನೆಯ ಸ್ಟಾಕ್ ಲೆಕ್ಕದ ನಡುವೆ, ಗ್ರಾಹಕರ ಆಡಿಟ್‌ನ ಹಿಂದಿನ ವಾರ ಕೇಳಿದರೆ ಯಾವ ಮೇಲಧಿಕಾರಿಯೂ ಬಿಡಲಾರರು. ವರ್ಷದ ಮೌಲ್ಯಮಾಪನಕ್ಕೆ ಸ್ವಲ್ಪ ಮುಂಚೆ ಹೋದರೆ ಹತ್ತು ತಿಂಗಳ ದುಡಿಮೆಯನ್ನು ಯಾರು ಅಳೆಯಬೇಕು ಎಂಬ ಗೊಂದಲ ಹುಟ್ಟಿ ಇನ್‌ಕ್ರಿಮೆಂಟ್‌ಗೆ ಪೆಟ್ಟು ಬೀಳಬಹುದು. ಈ ಇನ್‌ಸ್ಪೆಕ್ಟರ್ ಮೌಲ್ಯಮಾಪನ ಮುಗಿಯುವ ಮೇ ತಿಂಗಳವರೆಗೆ ಕಾದು ಹೀಗೆ ಬರೆಯುತ್ತಾರೆ:

"ಎರಕದ ಭಾಗಗಳ ತಪಾಸಣೆಯಲ್ಲಿ ಕಂಡ ದೋಷಗಳನ್ನು ಪೂರೈಕೆದಾರರ ಬಳಿಯೇ ಸರಿಪಡಿಸುವ ಕೆಲಸ ಮಾಡಲು ಪರ್ಚೇಸ್ ವಿಭಾಗಕ್ಕೆ ವರ್ಗಾವಣೆ ಕೋರುತ್ತೇನೆ. ಕಳೆದ ಎರಡು ವರ್ಷಗಳ ರಿಜೆಕ್ಷನ್ ದಾಖಲೆ ನಾನೇ ನಿರ್ವಹಿಸಿದ್ದು, ಅದರ ಪ್ರತಿ ಲಗತ್ತಿಸಿದೆ. ಖರೀದಿ ಪ್ರಕ್ರಿಯೆಯಲ್ಲಿ ನನಗೆ ತರಬೇತಿ ಬೇಕಾಗುತ್ತದೆ. ಜೂನ್ ತಿಂಗಳ ಗ್ರಾಹಕರ ಆಡಿಟ್ ಮುಗಿದ ಮೇಲೆ, ಗೇಜ್‌ಗಳ ಕ್ಯಾಲಿಬ್ರೇಷನ್ ಪಟ್ಟಿಯನ್ನೂ ಬಾಕಿ ಇರುವ ದೂರುಗಳನ್ನೂ ನನ್ನ ಜಾಗಕ್ಕೆ ಬರುವವರಿಗೆ ಒಪ್ಪಿಸಲು ಒಂದು ತಿಂಗಳು ಇರುತ್ತೇನೆ. ಆಗಸ್ಟ್ 1ರಿಂದ ಹೊಸ ಕೆಲಸಕ್ಕೆ ಅವಕಾಶ ಕೊಡಬೇಕಾಗಿ ವಿನಂತಿ."

ಪತ್ರ ಕೊಡುವ ಮುನ್ನ ಸ್ವಂತ ಮೇಲಧಿಕಾರಿಗೆ ಮುಖತಃ ಹೇಳುವುದು ಒಳ್ಳೆಯದು. ಬೇರೆ ವಿಭಾಗದವರ ಬಾಯಿಂದ ಸುದ್ದಿ ಮೊದಲು ತಿಳಿದರೆ ಒಪ್ಪುತ್ತಿದ್ದವರೂ ಬಿಗಿಯಾಗುತ್ತಾರೆ. ನಿರಾಕರಣೆ ಬಂದರೆ ಕಾರಣವನ್ನೂ ಮತ್ತೆ ಯಾವಾಗ ಕೇಳಬಹುದೆಂಬುದನ್ನೂ ಇಮೇಲ್‌ನಲ್ಲಿ ಪಡೆಯಬೇಕು.

ಒಪ್ಪಿಗೆ ಸಿಕ್ಕರೆ ಆದೇಶದಲ್ಲಿ ಹುದ್ದೆ, ಗ್ರೇಡ್, ಸಂಬಳ, ಸೇರುವ ದಿನಾಂಕ ಇವೆಯೇ ಎಂದು ನೋಡಬೇಕು. ಮಾಲೀಕ ಸಂಸ್ಥೆ ಬದಲಾಗದ ಕಾರಣ ಪಿಎಫ್ ಖಾತೆ ಹಾಗೇ ಮುಂದುವರಿಯುತ್ತದೆ, ಗ್ರ್ಯಾಚುಟಿಗೆ ಬೇಕಾದ 5 ವರ್ಷಗಳ ಎಣಿಕೆಯೂ ಕಡಿಯುವುದಿಲ್ಲ. ಆದರೆ "ವಿಭಾಗ" ಎಂದು ಕರೆಯುವುದು ಅದೇ ಸಮೂಹದ ಬೇರೆ ಕಂಪನಿಯ ಹೆಸರಿನಲ್ಲಿದ್ದರೆ ಮಾತು ಬೇರೆ. ರಾಜೀನಾಮೆ ಬರೆಸಿಕೊಂಡು ಹೊಸದಾಗಿ ನೇಮಿಸುತ್ತಿದ್ದಾರೆಯೇ, ಹಳೆಯ ಸೇವೆ ಮುಂದುವರಿಯುತ್ತದೆಂದು ಬರೆದುಕೊಡುತ್ತಾರೆಯೇ ಎಂಬುದನ್ನು ಸಹಿ ಹಾಕುವ ಮೊದಲೇ ಕೇಳಿ ತಿಳಿದುಕೊಳ್ಳಬೇಕು.